ಟ್ರಾನ್ಸ್‌ಫಾರ್ಮರ್ ತಂಪುಗೊಳಿಸುವ ವರ್ಗಗಳು: ಸೇಡಂ–ವಾಡಿ ಸೀಮೆಯ ಬಿಸಿಲಿನಲ್ಲಿ

ಎಣ್ಣೆ ತುಂಬಿದ ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಒಳಗೆ ಹುಟ್ಟುವ ಶಾಖವನ್ನು ಹೊರಗಿನ ಗಾಳಿಗೆ ಯಾವ ವಿಧಾನದಿಂದ ಸಾಗಹಾಕಲಾಗುತ್ತದೆ ಎಂಬುದನ್ನು ಹೇಳುವ ಗುರುತೇ ತಂಪುಗೊಳಿಸುವ ವರ್ಗ. ಎಣ್ಣೆ ತಾನಾಗಿ ಹರಿಯುತ್ತದೆಯೋ ಪಂಪಿನಿಂದಲೋ, ಗಾಳಿ ತಾನಾಗಿ ಬೀಸುತ್ತದೆಯೋ ಫ್ಯಾನಿನಿಂದಲೋ ಎಂಬುದರ ಮೇಲೆ ವರ್ಗ ತೀರ್ಮಾನವಾಗುತ್ತದೆ. ವರ್ಗ ಬದಲಾದರೆ ಯಂತ್ರ ಹೊರಬಲ್ಲ ಭಾರವೂ ಬದಲಾಗುತ್ತದೆ. ಆದ್ದರಿಂದಲೇ ದೊಡ್ಡ ಟ್ರಾನ್ಸ್‌ಫಾರ್ಮರಿನ ನೇಮ್‌ಪ್ಲೇಟಿನಲ್ಲಿ ಒಂದೇ ಯಂತ್ರಕ್ಕೆ ಎರಡು, ಕೆಲವೊಮ್ಮೆ ಮೂರು ಸಾಮರ್ಥ್ಯಗಳನ್ನು ಬರೆದಿರುತ್ತಾರೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆ ಈ ವಿಷಯವನ್ನು ನೋಡಲು ಒಳ್ಳೆಯ ಜಾಗ. ನೆಲದಡಿ ಸುಣ್ಣದ ಕಲ್ಲು, ಮೇಲೆ ಸಿಮೆಂಟ್ ಕಾರ್ಖಾನೆಗಳು. ವಾಡಿಯ ಎಸಿಸಿ ಕಾರ್ಖಾನೆ 1968ರಿಂದ ನಡೆಯುತ್ತಿದೆ. ಸೇಡಂ ಪಟ್ಟಣ, ಮಳಖೇಡ, ಚಿತ್ತಾಪುರ ಮತ್ತು ಚಿಂಚೋಳಿ ತಾಲ್ಲೂಕುಗಳಲ್ಲಿ ಒಂದರ ಹಿಂದೊಂದು ಕಾರ್ಖಾನೆ ಬಂದವು. ಕಲ್ಲು ಅರೆಯುವ, ಕ್ಲಿಂಕರ್ ಪುಡಿ ಮಾಡುವ ಮಿಲ್ಲುಗಳ ಮೋಟಾರುಗಳು ಹಗಲು ರಾತ್ರಿಯೆನ್ನದೆ ವಿದ್ಯುತ್ ಎಳೆಯುತ್ತವೆ. ಇದಕ್ಕೆ ಬೇಸಿಗೆಯ ಬಿಸಿಲು ಮತ್ತು ಎಲ್ಲದರ ಮೇಲೂ ಕೂರುವ ಬಿಳಿ ಧೂಳು ಸೇರಿದರೆ, ಟ್ರಾನ್ಸ್‌ಫಾರ್ಮರಿಗೆ ಬೇಡವಾದ ಮೂರೂ ಒಂದೇ ಕಡೆ ಕೂಡಿದಂತಾಯಿತು: ಬಿಡುವಿಲ್ಲದ ಭಾರ, ಬಿಸಿ ಗಾಳಿ, ಮುಚ್ಚಿದ ರೇಡಿಯೇಟರ್.

ರಾಜ್ಯದ ದಕ್ಷಿಣದಲ್ಲಿ 66 ಕೆವಿ ಮಾರ್ಗಗಳು ಹೆಚ್ಚು. ಉತ್ತರದಲ್ಲಿ ಆ ಜಾಗದಲ್ಲಿರುವುದು 110 ಕೆವಿ. ಪ್ರಸರಣದ ಕೆಲಸ 1999ರಲ್ಲಿ ಶುರುವಾದ ಕೆಪಿಟಿಸಿಎಲ್‌ನದು, ಊರು–ಹೊಲಗಳಿಗೆ ಹಂಚುವ ಕೆಲಸ 2002ರಲ್ಲಿ ಅದರಿಂದ ಬೇರೆಯಾದ ಜೆಸ್ಕಾಂನದು. ಹೊಲದ ಬದಿಯ ಕಂಬಕ್ಕೆ ಕೂರಿಸಿದ 25, 63 ಅಥವಾ 100 ಕೆವಿಎ ಟ್ರಾನ್ಸ್‌ಫಾರ್ಮರನ್ನು ರೈತರು ‘ಟಿಸಿ’ ಎನ್ನುತ್ತಾರೆ. ಟಿಸಿಗೆ ಫ್ಯಾನಿಲ್ಲ, ಹಂತವಿಲ್ಲ, ಇರುವುದು ಒಂದೇ ರೇಟಿಂಗ್. ಹಂತಗಳ ಮಾತು ಬರುವುದು ಅದಕ್ಕಿಂತ ಬಹಳ ದೊಡ್ಡದಾದ, ಹತ್ತಾರು ಎಂವಿಎ ಯಂತ್ರಗಳಲ್ಲಿ.

ಶಾಖದ ಲೆಕ್ಕ

ಟ್ರಾನ್ಸ್‌ಫಾರ್ಮರಿನಲ್ಲಿ ಶಾಖಕ್ಕೆ ಮೂಲ ಎರಡು. ಒಂದು, ಕೋರ್ ನಷ್ಟ. ವೋಲ್ಟೇಜ್ ಇರುವಷ್ಟು ಹೊತ್ತೂ, ಭಾರ ಇರಲಿ ಬಿಡಲಿ, ಇದು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಇನ್ನೊಂದು, ಸುರುಳಿಗಳ ತಾಮ್ರದಲ್ಲಿ ಕರೆಂಟ್ ಹರಿಯುವುದರಿಂದ ಬರುವ ಭಾರ ನಷ್ಟ. ಇದು ಕರೆಂಟಿನ ವರ್ಗದಂತೆ ಏರುತ್ತದೆ. ಭಾರ ಎರಡು ಪಟ್ಟಾದರೆ ಈ ನಷ್ಟ ನಾಲ್ಕು ಪಟ್ಟು.

ರೇಟಿಂಗಿನ ಹಂತಗಳನ್ನು ಓದುವಾಗ ಈ ವರ್ಗದ ನಿಯಮವನ್ನು ಮರೆಯುವಂತಿಲ್ಲ. 220 ಕೆವಿ ಮಟ್ಟದ 100 ಎಂವಿಎ ಟ್ರಾನ್ಸ್‌ಫಾರ್ಮರುಗಳಲ್ಲಿ ಹಂತಗಳು ಹಲವು ಸಲ 60, 80, 100 ಎಂವಿಎ ಎಂದಿರುತ್ತವೆ. ನೋಡಲು ಸಮನಾದ ಮೆಟ್ಟಿಲುಗಳು. ಆದರೆ ಭಾರ ನಷ್ಟದ ಲೆಕ್ಕದಲ್ಲಿ ಅವು 36, 64, 100. ಫ್ಯಾನೂ ಪಂಪೂ ಇಲ್ಲದೆ 60 ಭಾಗ ಹೊರುವ ಯಂತ್ರ ಪೂರ್ಣ ಭಾರದ ಭಾರ ನಷ್ಟದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚನ್ನಷ್ಟೇ ಹೊರಹಾಕುತ್ತಿರುತ್ತದೆ. ಉಳಿದ 40 ಭಾಗ ಸಾಮರ್ಥ್ಯಕ್ಕಾಗಿ ಸುರುಳಿಯ ಶಾಖವನ್ನು ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಹೊರಹಾಕಬೇಕಾಗುತ್ತದೆ.

ವಾಡಿ ಜಂಕ್ಷನ್ ಮೂಲಕ ಹೋಗುವ ರೈಲುಮಾರ್ಗಗಳು ಈಗ ವಿದ್ಯುತ್ ಮಾರ್ಗಗಳು. ಇಂಥ ಮಾರ್ಗಗಳಿಗೆ 25 ಕೆವಿ ಒದಗಿಸುವ ಎಳೆತದ ಉಪಕೇಂದ್ರಗಳಿಗೆ ರೈಲ್ವೆ ನಿಗದಿ ಮಾಡಿದ ಟ್ರಾನ್ಸ್‌ಫಾರ್ಮರುಗಳಲ್ಲಿ ಒಂದರ ರೇಟಿಂಗ್ ಫ್ಯಾನಿಲ್ಲದೆ 21.6 ಎಂವಿಎ, ಫ್ಯಾನಿನೊಂದಿಗೆ 30.24 ಎಂವಿಎ. ಅನುಪಾತ ಸರಿಯಾಗಿ 1.4. ಇದರ ವರ್ಗ 1.96. ಅಂದರೆ ಫ್ಯಾನುಗಳನ್ನು ಕೂರಿಸಿ ಸುರುಳಿಯ ಶಾಖವನ್ನು ಸುಮಾರು ಎರಡು ಪಟ್ಟು ಹೊರಹಾಕಿದ್ದಕ್ಕೆ ಸಿಕ್ಕ ಲಾಭ ಶೇ. 40. ಈ ಸಂಖ್ಯೆಗಳನ್ನು ವಿಚಿತ್ರವೆಂದುಕೊಳ್ಳುವವರು ವರ್ಗಮೂಲ ತೆಗೆದು ನೋಡಬೇಕು.

ನಾಲ್ಕು ಅಕ್ಷರಗಳು

ವರ್ಗವನ್ನು ನಾಲ್ಕು ಅಕ್ಷರಗಳಲ್ಲಿ ಬರೆಯುವ ಪದ್ಧತಿ ಅಂತರರಾಷ್ಟ್ರೀಯ ಮಾನಕ ಐಇಸಿ 60076ರ ಎರಡನೇ ಭಾಗದ್ದು. ಭಾರತದಲ್ಲಿ ಅದಕ್ಕೆ ಹೊಂದುವುದು ಐಎಸ್ 2026ರ ಎರಡನೇ ಭಾಗ. ಮೊದಲ ಎರಡು ಅಕ್ಷರ ಒಳಗಿನ ದ್ರವದ ಬಗ್ಗೆ, ಕೊನೆಯ ಎರಡು ಹೊರಗಿನ ಮಾಧ್ಯಮದ ಬಗ್ಗೆ. ಮೊದಲನೆಯದು ‘ಓ’ ಆದರೆ ಒಳಗಿರುವುದು ಖನಿಜ ತೈಲ, ಅಥವಾ ಉರಿ ಹಿಡಿದು ಉರಿಯುತ್ತಲೇ ಇರುವ ಬಿಂದು 300 ಡಿಗ್ರಿಗೆ ಮೀರದ ದ್ರವ. ಅದಕ್ಕೂ ಮೇಲಿನ ಬಿಂದುವಿನ ಎಸ್ಟರ್ ಮುಂತಾದ ದ್ರವಗಳಿಗೆ ‘ಕೆ’. ಎರಡನೆಯ ಅಕ್ಷರ ದ್ರವ ಹರಿಯುವ ರೀತಿಯನ್ನು ಹೇಳುತ್ತದೆ: ‘ಎನ್’ ಎಂದರೆ ತಾನಾಗಿ, ‘ಎಫ್’ ಎಂದರೆ ಪಂಪಿನಿಂದ, ‘ಡಿ’ ಎಂದರೆ ಪಂಪಿನಿಂದ ಮತ್ತು ಸುರುಳಿಯೊಳಕ್ಕೇ ನಿರ್ದೇಶಿಸಿ. ಮೂರನೆಯದು ‘ಎ’ ಆದರೆ ಗಾಳಿ, ‘ಡಬ್ಲ್ಯು’ ಆದರೆ ನೀರು. ನಾಲ್ಕನೆಯದು ಆ ಗಾಳಿ ಅಥವಾ ನೀರಿನ ಚಲನೆಯ ರೀತಿ.

ಹೀಗೆ ಎಣ್ಣೆಯೂ ಗಾಳಿಯೂ ತಾನಾಗಿ ಹರಿದರೆ ಓಎನ್‌ಎಎನ್. ಎಣ್ಣೆ ತಾನಾಗಿ, ಗಾಳಿ ಫ್ಯಾನಿನಿಂದ ಆದರೆ ಓಎನ್‌ಎಎಫ್. ಎರಡೂ ಬಲವಂತವಾದರೆ ಓಎಫ್‌ಎಎಫ್. ಈ ಅಕ್ಷರಗಳನ್ನು ಒಂದೊಂದಾಗಿ ಹೇಳುವಷ್ಟು ಪುರಸೊತ್ತು ಯಾರಿಗೂ ಇಲ್ಲದ್ದರಿಂದ ಬಾಯಲ್ಲಿ ಅವು ಓನಾನ್, ಓನಾಫ್, ಓಫಾಫ್. ಈ ಲೇಖನದಲ್ಲಿಯೂ ಮುಂದೆ ಹಾಗೆಯೇ ಕರೆಯಲಾಗಿದೆ.

ಓನಾನ್ ಹಂತದಲ್ಲಿ ಚಲಿಸುವ ಭಾಗ ಒಂದೂ ಇಲ್ಲ. ಸುರುಳಿಯ ಪಕ್ಕದ ಎಣ್ಣೆ ಬಿಸಿಯಾಗಿ ಹಗುರಾಗುತ್ತದೆ, ಟ್ಯಾಂಕಿನ ಮೇಲ್ಭಾಗಕ್ಕೆ ಏರುತ್ತದೆ, ಮೇಲಿನ ಕೊಳವೆಯಿಂದ ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ಶಾಖ ಬಿಟ್ಟು ಭಾರವಾಗಿ ಇಳಿದು ಕೆಳಗಿನ ಕೊಳವೆಯಿಂದ ಮತ್ತೆ ಟ್ಯಾಂಕಿಗೆ ಬರುತ್ತದೆ. ಈ ಸುತ್ತಾಟಕ್ಕೆ ಬಲ ಕೊಡುವುದು ಬಿಸಿ ಎಣ್ಣೆಗೂ ತಂಪು ಎಣ್ಣೆಗೂ ಇರುವ ತೂಕದ ಸಣ್ಣ ವ್ಯತ್ಯಾಸ ಮಾತ್ರ. ಆದ್ದರಿಂದ ರೇಡಿಯೇಟರಿನ ನಡುಮಟ್ಟ ಸುರುಳಿಯ ನಡುಮಟ್ಟಕ್ಕಿಂತ ಮೇಲಿರುವಂತೆ ನೋಡಿಕೊಳ್ಳುತ್ತಾರೆ. ಈ ಎತ್ತರ ಹೆಚ್ಚಿದಷ್ಟೂ ಎಣ್ಣೆ ಚುರುಕಾಗಿ ಸುತ್ತುತ್ತದೆ.

ಇಲ್ಲಿ ಶಾಖಕ್ಕೆ ದೊಡ್ಡ ಅಡ್ಡಿ ಇರುವುದು ರೇಡಿಯೇಟರಿನ ಹೊರಮೈಯಲ್ಲಿ. ತಗಡಿನಿಂದ ನಿಂತ ಗಾಳಿಗೆ ಶಾಖ ದಾಟುವುದು ನಿಧಾನ. ಫ್ಯಾನ್ ಹಾಕಿದೊಡನೆ ಆ ಅಡ್ಡಿ ಕರಗುತ್ತದೆ, ಅದಕ್ಕೇ ಮೊದಲ ಹಂತದ ಲಾಭ ಅಗ್ಗವಾಗಿ ದಕ್ಕುತ್ತದೆ. ಇನ್ನೂ ಹೆಚ್ಚು ಫ್ಯಾನ್ ಹಾಕುತ್ತ ಹೋದರೆ ಲಾಭ ಕುಗ್ಗುತ್ತದೆ, ಏಕೆಂದರೆ ಆಗ ಅಡ್ಡಿ ಒಳಕ್ಕೆ ಸರಿದಿರುತ್ತದೆ: ತನ್ನಷ್ಟಕ್ಕೆ ಹರಿಯುವ ಎಣ್ಣೆಯೇ ನಿಧಾನವಾಗುತ್ತದೆ. ಪಂಪಿನ ಹಂತ ಬರುವುದು ಅಲ್ಲಿಂದ ಮುಂದೆ.

ಬೇಸಿಗೆಯ ಒಂದು ಮಧ್ಯಾಹ್ನದ ಲೆಕ್ಕ

ರೇಟಿಂಗ್ ಎಂಬ ಸಂಖ್ಯೆ ಒಂದು ಹವಾಮಾನವನ್ನು ಊಹಿಸಿಕೊಂಡು ಬರೆದದ್ದು. ಐಇಸಿ ಮಾನಕ ಗಾಳಿಯ ಗರಿಷ್ಠ ಉಷ್ಣತೆ 40 ಡಿಗ್ರಿ, ವರ್ಷದ ಸರಾಸರಿ 20 ಡಿಗ್ರಿ ಎಂದು ಹಿಡಿಯುತ್ತದೆ. ಭಾರತೀಯ ಮಾನಕದಲ್ಲಿ ಗರಿಷ್ಠ 50, ವರ್ಷದ ಸರಾಸರಿ 32. ಬೇರೆ ದೇಶದ ತಂಪು ಹವೆಗೆ ಬರೆದ 20 ಎಂವಿಎ ಯಂತ್ರವನ್ನು ತಂದು ಸೇಡಂನಲ್ಲಿ ನಿಲ್ಲಿಸಿದರೆ ಅದು 20 ಎಂವಿಎ ಆಗಿ ಉಳಿಯುವುದಿಲ್ಲ. ಎತ್ತರದ ಕಾಟ ಮಾತ್ರ ಇಲ್ಲಿಲ್ಲ. ಸಮುದ್ರಮಟ್ಟದಿಂದ 1000 ಮೀಟರಿಗಿಂತ ಮೇಲೆ ಗಾಳಿ ತೆಳುವಾಗುವುದರಿಂದ ಮಾನಕ ಕಡಿತ ಕೇಳುತ್ತದೆ. ಈ ಸೀಮೆ ಅದಕ್ಕಿಂತ ಬಹಳ ಕೆಳಗಿದೆ.

ಲೆಕ್ಕಕ್ಕೆ ಒಂದು 110/11 ಕೆವಿ ಟ್ರಾನ್ಸ್‌ಫಾರ್ಮರನ್ನು ತೆಗೆದುಕೊಳ್ಳೋಣ: ಓನಾನ್‌ನಲ್ಲಿ 12 ಎಂವಿಎ, ಓನಾಫ್‌ನಲ್ಲಿ 20 ಎಂವಿಎ. ಕೋರ್ ನಷ್ಟ 14 ಕಿಲೋವ್ಯಾಟ್, 20 ಎಂವಿಎಯಲ್ಲಿ ಭಾರ ನಷ್ಟ 100 ಕಿಲೋವ್ಯಾಟ್ ಇರಲಿ. ಆಗ ಪೂರ್ಣ ಭಾರದಲ್ಲಿ ಹೊರಹೋಗಬೇಕಾದ ಶಾಖ 114 ಕಿಲೋವ್ಯಾಟ್. 12 ಎಂವಿಎಯಲ್ಲಿ ಭಾರ ನಷ್ಟ 36ಕ್ಕೆ ಇಳಿಯುವುದರಿಂದ ಒಟ್ಟು 50 ಕಿಲೋವ್ಯಾಟ್ ಮಾತ್ರ. ಎರಡೂ ಹಂತಗಳಲ್ಲಿ ಟ್ಯಾಂಕಿನ ಮೇಲ್ಭಾಗದ ಎಣ್ಣೆ ಹೊರಗಿನ ಗಾಳಿಗಿಂತ 48 ಡಿಗ್ರಿ ಮೇಲೇರುವಂತೆ ವಿನ್ಯಾಸ ಮಾಡಿದ್ದಾರೆ ಎಂದುಕೊಳ್ಳೋಣ. ಸುರುಳಿಯ ಅತಿ ಬಿಸಿ ಬಿಂದು ಪೂರ್ಣ ಭಾರದಲ್ಲಿ ಆ ಎಣ್ಣೆಗಿಂತ ಇನ್ನೂ 18 ಡಿಗ್ರಿ ಮೇಲೆ. 32 ಡಿಗ್ರಿಯ ಸರಾಸರಿ ಗಾಳಿಯಲ್ಲಿ ಇವನ್ನು ಕೂಡಿದರೆ 98 ಡಿಗ್ರಿ ಬರುತ್ತದೆ.

ಈ 98 ಆಕಸ್ಮಿಕವಲ್ಲ. ಸುರುಳಿಯ ತಾಮ್ರಕ್ಕೆ ಸುತ್ತಿದ ಸಾಮಾನ್ಯ ಕಾಗದಕ್ಕೆ ನಿರೀಕ್ಷಿತ ಆಯುಷ್ಯ ದೊರಕುವುದು ಅತಿ ಬಿಸಿ ಬಿಂದು 98 ಡಿಗ್ರಿಯಲ್ಲಿದ್ದಾಗ ಎಂದು ಭಾರ ಹೊರಿಸುವ ಮಾರ್ಗದರ್ಶಿ ಐಇಸಿ 60076-7 ಹಿಡಿಯುತ್ತದೆ. ಅಲ್ಲಿಂದ ಪ್ರತಿ 6 ಡಿಗ್ರಿ ಏರಿದರೆ ಕಾಗದ ಸವೆಯುವ ವೇಗ ಎರಡು ಪಟ್ಟಾಗುತ್ತದೆ, ಪ್ರತಿ 6 ಡಿಗ್ರಿ ಇಳಿದರೆ ಅರ್ಧ. ಎಣ್ಣೆಯನ್ನು ಸೋಸಬಹುದು, ಬದಲಿಸಲೂಬಹುದು. ಒಳಗಿನ ಕಾಗದವನ್ನು ಬದಲಿಸುವುದೆಂದರೆ ಹೊಸ ಸುರುಳಿಯನ್ನೇ ಕೂರಿಸಿದಂತೆ.

ಮೇ ತಿಂಗಳ ಮಧ್ಯಾಹ್ನ ಗಾಳಿ 43 ಡಿಗ್ರಿ, ಭಾರ 16 ಎಂವಿಎ, ಫ್ಯಾನುಗಳೆಲ್ಲ ತಿರುಗುತ್ತಿವೆ. ಶಾಖ 14 ಮತ್ತು 64 ಕೂಡಿ 78 ಕಿಲೋವ್ಯಾಟ್. ಎಣ್ಣೆಯ ಏರಿಕೆ ಶಾಖಕ್ಕೆ ನೇರ ಅನುಪಾತದಲ್ಲಿಲ್ಲ. ಬಿಸಿಯಾದಷ್ಟೂ ಎಣ್ಣೆಯೂ ಗಾಳಿಯೂ ಚುರುಕಾಗುವುದರಿಂದ ಓನಾನ್, ಓನಾಫ್ ಎರಡಕ್ಕೂ ಶಾಖದ ಅನುಪಾತದ 0.8 ಘಾತವನ್ನು ಬಳಸುತ್ತಾರೆ. 78ನ್ನು 114ರಿಂದ ಭಾಗಿಸಿ ಆ ಘಾತಕ್ಕೆ ಏರಿಸಿ 48ರಿಂದ ಗುಣಿಸಿದರೆ ಸುಮಾರು 35 ಡಿಗ್ರಿ. ಸುರುಳಿ ಮತ್ತು ಎಣ್ಣೆಯ ಅಂತರ ಭಾರದ 1.3 ಘಾತದಂತೆ ಬದಲಾಗುತ್ತದೆ. ಆ 18 ಈಗ ಸುಮಾರು 13.5. ಎಲ್ಲ ಕೂಡಿದರೆ ಅತಿ ಬಿಸಿ ಬಿಂದು ಸುಮಾರು 92 ಡಿಗ್ರಿ. ಸುಡು ಮಧ್ಯಾಹ್ನದಲ್ಲೂ ಕಾಗದ ನಿರೀಕ್ಷಿತ ವೇಗದ ಅರ್ಧದಷ್ಟೇ ಸವೆಯುತ್ತಿದೆ.

ಅದೇ ಹೊತ್ತಿನಲ್ಲಿ ಪೂರ್ಣ 20 ಎಂವಿಎ ಹೊರಿಸಿ ಬಹಳ ಹೊತ್ತು ಬಿಟ್ಟರೆ ಎಣ್ಣೆ 91, ಅತಿ ಬಿಸಿ ಬಿಂದು 109 ಡಿಗ್ರಿಗೆ ಹೋಗುತ್ತದೆ. ಯಂತ್ರ ಹಾಳಾಗುವುದಿಲ್ಲ. ಸಾಮಾನ್ಯ ಆವರ್ತಕ ಭಾರಕ್ಕೆ ಮಾರ್ಗದರ್ಶಿ ಒಪ್ಪುವ ಮಿತಿ ಎಣ್ಣೆಗೆ 105, ಅತಿ ಬಿಸಿ ಬಿಂದುವಿಗೆ 120. ಆದರೆ ಕಾಗದ ಆ ಹೊತ್ತಿನಲ್ಲಿ ಮೂರೂವರೆ ಪಟ್ಟು ವೇಗದಲ್ಲಿ ಸವೆಯುತ್ತಿರುತ್ತದೆ. ಈ ಸಾಲವನ್ನು ತೀರಿಸುವುದು ಚಳಿಗಾಲ. ಡಿಸೆಂಬರಿನ ರಾತ್ರಿ ಗಾಳಿ 15 ಡಿಗ್ರಿ ಇದ್ದಾಗ ಅದೇ 20 ಎಂವಿಎಗೆ ಅತಿ ಬಿಸಿ ಬಿಂದು 81, ಸವೆತ ಏಳನೇ ಒಂದು ಭಾಗ. ನೇಮ್‌ಪ್ಲೇಟಿನ ಸಂಖ್ಯೆ ವರ್ಷದ ಸರಾಸರಿಯ ಮೇಲೆ ನಿಂತಿದೆ ಎಂಬುದರ ಅರ್ಥ ಇದು. ಮಾನಕಗಳನ್ನು ಓದಿದವರೂ ಎಷ್ಟೋ ಸಲ ಅದನ್ನು ಪ್ರತಿ ಗಂಟೆಯ ಮಿತಿ ಎಂದು ತಿಳಿದುಕೊಳ್ಳುತ್ತಾರೆ.

ಫ್ಯಾನುಗಳು ನಿಂತರೆ

16 ಎಂವಿಎ ಹೊತ್ತು ನಿಂತ ಆ ಮಧ್ಯಾಹ್ನವೇ ಫ್ಯಾನುಗಳಿಗೆ ಬರುವ ಕರೆಂಟ್ ಹೋಯಿತೆನ್ನಿ. ಫ್ಯಾನುಗಳು ನಡೆಯುವುದು ಉಪಕೇಂದ್ರದ ಸ್ವಂತ ಬಳಕೆಯ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ. ಅಲ್ಲಿ ಒಂದು ಫ್ಯೂಸ್ ಹೋದರೆ ಸಾಕು. ಈಗ ಯಂತ್ರ ಓನಾನ್ ಹಂತಕ್ಕೆ ಇಳಿದಿದೆ, ಭಾರ ಮಾತ್ರ ಇಳಿದಿಲ್ಲ. 50 ಕಿಲೋವ್ಯಾಟಿಗೆ ಹೊಂದಿಸಿದ ಮೈಯಿಂದ 78 ಕಿಲೋವ್ಯಾಟ್ ಹೊರಹೋಗಬೇಕು. ಹಾಗೇ ಬಿಟ್ಟರೆ ಎಣ್ಣೆಯ ಏರಿಕೆ ಕೊನೆಗೆ 68 ಡಿಗ್ರಿಯ ಆಚೆ ನಿಲ್ಲುತ್ತದೆ. 43 ಕೂಡಿದರೆ ಎಣ್ಣೆಯೇ 111, ಅತಿ ಬಿಸಿ ಬಿಂದು 125. ಆ ಉಷ್ಣತೆಯಲ್ಲಿ ಕಾಗದದ ಸವೆತ 20 ಪಟ್ಟನ್ನು ದಾಟುತ್ತದೆ.

ಅದೃಷ್ಟಕ್ಕೆ ಇದು ಒಮ್ಮೆಗೇ ಆಗುವುದಿಲ್ಲ. ಟನ್‌ಗಟ್ಟಲೆ ಎಣ್ಣೆ, ಕಬ್ಬಿಣ, ತಾಮ್ರ ಬಿಸಿಯಾಗಲು ಹೊತ್ತು ಬೇಕು. ಓನಾನ್ ಯಂತ್ರದ ಎಣ್ಣೆಗೆ ಕಾಲಸ್ಥಿರಾಂಕ ಸುಮಾರು 210 ನಿಮಿಷ ಎಂದು ಮಾರ್ಗದರ್ಶಿ ಹಿಡಿಯುತ್ತದೆ. ನಮ್ಮ ಲೆಕ್ಕದ ಯಂತ್ರದಲ್ಲಿ ಎಣ್ಣೆ 78 ಡಿಗ್ರಿಯಿಂದ ಹೊರಟು ಒಂದು ಗಂಟೆಯಲ್ಲಿ ಸುಮಾರು 87 ಆಗುತ್ತದೆ. ಯಂತ್ರ ಟ್ರಿಪ್ ಆಗುವ 95 ಮುಟ್ಟಲು ಎರಡೂವರೆ ಗಂಟೆ ಹತ್ತಿರ ಬೇಕು. ಸ್ಟೇಷನ್ ಆಪರೇಟರಿಗೆ ಇರುವ ಸಮಯ ಅಷ್ಟು. ಫ್ಯೂಸ್ ಹಾಕಿ, ಓವರ್‌ಲೋಡ್ ರಿಲೇ ಮತ್ತೆ ಕೂರಿಸಿ ಫ್ಯಾನ್ ಎಬ್ಬಿಸಲು ಅದು ಸಾಕು. ಹೊಸ ಫ್ಯಾನ್ ಮೋಟಾರು ತರಿಸಲು ಸಾಲದು.

ಭಾರ ಇಳಿಸುವುದಾದರೆ ಎಷ್ಟಕ್ಕೆ? ಕೈಗೆ ಬರುವ ಉತ್ತರ 12 ಎಂವಿಎ, ನೇಮ್‌ಪ್ಲೇಟಿನಲ್ಲೇ ಬರೆದಿದೆ. ಆದರೆ 43 ಡಿಗ್ರಿಯ ಗಾಳಿಯಲ್ಲಿ 12 ಎಂವಿಎ ಇಟ್ಟರೂ ಎಣ್ಣೆ 91ರ ಕಡೆ ಸಾಗುತ್ತದೆ, ಎಚ್ಚರಿಕೆಯ ಗಂಟೆ ಮೊಳಗುತ್ತದೆ. 10 ಎಂವಿಎಗೆ ಇಳಿಸಿದರೆ 82ರ ಆಸುಪಾಸು ನಿಲ್ಲುತ್ತದೆ. ಸಂಜೆ ಗಾಳಿ ತಂಪಾದ ಮೇಲೆ 12ಕ್ಕೆ ಏರಿಸಬಹುದು.

ಹಂತ ಏರಿಸುವವರು ಯಾರು

ಫ್ಯಾನನ್ನು ಕೈಯಿಂದ ಹಾಕುವ ಸ್ವಿಚ್ ಇದ್ದರೂ ಕೆಲಸವೆಲ್ಲ ಟ್ಯಾಂಕಿನ ಬದಿಯ ಪೆಟ್ಟಿಗೆಯಲ್ಲಿರುವ ಎರಡು ಮುಳ್ಳಿನ ಮಾಪಕಗಳದು. ಎಣ್ಣೆಯ ಉಷ್ಣತೆ ತೋರಿಸುವುದು ಓಟಿಐ, ಸುರುಳಿಯ ಉಷ್ಣತೆ ತೋರಿಸುವುದು ಡಬ್ಲ್ಯುಟಿಐ. ಮುಳ್ಳು ಗೊತ್ತುಮಾಡಿದ ಅಂಕಿ ಮುಟ್ಟಿದಾಗ ಒಳಗಿನ ಸ್ವಿಚ್ ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ ಸುರುಳಿ 65 ಡಿಗ್ರಿಯ ಹತ್ತಿರ ಬಂದಾಗ ಫ್ಯಾನ್, ಪಂಪಿದ್ದರೆ 75–80ರಲ್ಲಿ ಪಂಪ್, ಎಣ್ಣೆ 85–90ಕ್ಕೆ ಬಂದರೆ ಎಚ್ಚರಿಕೆ, 95ರ ಸುಮಾರಿಗೆ ಟ್ರಿಪ್. ತಯಾರಕರಿಗೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ.

ಡಬ್ಲ್ಯುಟಿಐ ಸುರುಳಿಯನ್ನು ಮುಟ್ಟುವುದೇ ಇಲ್ಲ. ಸಾವಿರಾರು ವೋಲ್ಟ್ ಇರುವ ಕಡೆ ಲೋಹದ ತಾಪಮಾಪಕ ಇಡಲಾಗದು. ಅದು ಅಳೆಯುವುದು ಮೇಲ್ಭಾಗದ ಎಣ್ಣೆಯನ್ನೇ. ಸುರುಳಿಯ ಕರೆಂಟಿಗೆ ಅನುಪಾತದಲ್ಲಿರುವ ಸಣ್ಣ ಕರೆಂಟನ್ನು ಒಂದು ಸಿಟಿಯಿಂದ ತಂದು ಮಾಪಕದ ಒಂದು ಪುಟ್ಟ ಹೀಟರಿಗೆ ಕೊಡುತ್ತಾರೆ. ಸುರುಳಿ ಎಣ್ಣೆಗಿಂತ ಎಷ್ಟು ಹೆಚ್ಚು ಬಿಸಿಯಿದೆಯೋ ಅಷ್ಟನ್ನು ಈ ಹೀಟರ್ ಮುಳ್ಳಿಗೆ ಕೂಡಿಸುತ್ತದೆ. ಸಿಟಿಯಿಂದ ಹೀಟರಿಗೆ ಬರುವ ತಂತಿ ಎಲ್ಲಿಯಾದರೂ ಸಡಿಲವಾದರೆ ಡಬ್ಲ್ಯುಟಿಐ ಸದ್ದಿಲ್ಲದೆ ಎರಡನೇ ಓಟಿಐ ಆಗಿಬಿಡುತ್ತದೆ. ಫ್ಯಾನ್ ತಡವಾಗಿ ಏಳುತ್ತದೆ, ಸುರುಳಿಯ ಎಚ್ಚರಿಕೆಯೂ ತಡ. ಪತ್ತೆ ಮಾಡುವುದು ಸುಲಭ: ಭಾರ ಚೆನ್ನಾಗಿರುವಾಗ ಎರಡೂ ಮುಳ್ಳು ಒಂದೇ ಅಂಕಿ ತೋರಿಸುತ್ತಿದ್ದರೆ ಹೀಟರಿಗೆ ಕರೆಂಟ್ ಬರುತ್ತಿಲ್ಲ. ಗಂಟೆಗೊಮ್ಮೆ ಲಾಗ್‌ಬುಕ್ಕಿನಲ್ಲಿ ಎರಡನ್ನೂ ಬರೆಯುವ ಪದ್ಧತಿ ಇರುವುದರಿಂದ, ಹಿಂದಿನ ಪುಟ ತಿರುವಿದರೆ ಯಾವ ದಿನದಿಂದ ಹೀಗಾಯಿತೆಂಬುದೂ ಸಿಗುತ್ತದೆ.

ಉಳಿದ ದೋಷಗಳು ಕೈಗೆ, ಕಣ್ಣಿಗೆ ಸಿಗುವಂಥವು. ದುರಸ್ತಿಗೆಂದು ರೇಡಿಯೇಟರಿನ ವಾಲ್ವ್ ಮುಚ್ಚಿದವರು ತೆರೆಯಲು ಮರೆತರೆ ಆ ರೇಡಿಯೇಟರ್ ಮಾತ್ರ ತಣ್ಣಗಿರುತ್ತದೆ, ಪಕ್ಕದವು ಮುಟ್ಟಲಾಗದಷ್ಟು ಬಿಸಿ. ಸೋರಿಕೆಯಿಂದ ಟ್ಯಾಂಕಿನ ಎಣ್ಣೆ ಮೇಲಿನ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಸುತ್ತಾಟವೇ ಕಡಿದುಹೋಗುತ್ತದೆ. ಆಗ ಎಲ್ಲ ರೇಡಿಯೇಟರುಗಳೂ ತಣ್ಣಗೆ, ಎಣ್ಣೆಯ ಮುಳ್ಳು ಮಾತ್ರ ಮೇಲೆ. ಕೇಬಲ್ ಬದಲಿಸಿದಾಗ ಎರಡು ಫೇಸ್ ಅದಲುಬದಲಾದರೆ ಫ್ಯಾನ್ ಹಿಂದುಮುಂದಾಗಿ ತಿರುಗುತ್ತದೆ. ಸದ್ದು ಅಷ್ಟೇ ಇರುತ್ತದೆ, ಗಾಳಿ ರೇಡಿಯೇಟರಿನ ಕಡೆ ಬರುವುದಿಲ್ಲ. ಒಂದು ಕಾಗದದ ಚೂರು ಹಿಡಿದು ನೋಡಿದರೆ ಗೊತ್ತಾಗುತ್ತದೆ. ಫ್ಯಾನ್ ನಡೆಯುತ್ತಿದೆ ಎಂಬ ದೀಪ ಹೊತ್ತಿದೆಯೆಂದು ನಂಬಿ ಕೂರುವಂತಿಲ್ಲ.

ಈ ಸೀಮೆಯ ಸ್ವಂತ ದೋಷವೆಂದರೆ ಧೂಳು. ಒಣ ಧೂಳು ಗಾಳಿಗೆ, ಮಳೆಗೆ ಹೋಗುತ್ತದೆ. ಗ್ಯಾಸ್ಕೆಟಿನಿಂದ ಜಿನುಗಿದ ಎಣ್ಣೆಗೆ ಅಂಟಿಕೊಂಡ ಸಿಮೆಂಟ್ ಧೂಳು ರೇಡಿಯೇಟರಿನ ತಗಡುಗಳ ನಡುವೆ ಹೆಪ್ಪುಗಟ್ಟುತ್ತದೆ. ಗಾಳಿ ಹಾಯುವ ಸಂದು ಕಿರಿದಾಗುತ್ತದೆ. ಮೊದಲು ಪೆಟ್ಟು ತಿನ್ನುವುದು ಓನಾಫ್ ಹಂತ, ಏಕೆಂದರೆ ಅದು ನಿಂತಿರುವುದೇ ಆ ಸಂದಿನಲ್ಲಿ ನುಗ್ಗುವ ಗಾಳಿಯ ಮೇಲೆ. ನೇಮ್‌ಪ್ಲೇಟಿನ 20 ಎಂವಿಎ ಹಾಗೇ ಇರುತ್ತದೆ, ಯಂತ್ರದ ನಿಜವಾದ ಸಾಮರ್ಥ್ಯ ಇಳಿದಿರುತ್ತದೆ. ಇದನ್ನು ತಿಳಿಯಲು ಒಂದು ಸಾದಾ ಉಪಾಯ: ಹೊರಗಿನ ಗಾಳಿಯ ಉಷ್ಣತೆ ಮತ್ತು ಭಾರ ಎರಡೂ ಹೋದ ವರ್ಷದಷ್ಟೇ ಇರುವ ದಿನವನ್ನು ಆರಿಸಿ, ಎಣ್ಣೆಯ ಏರಿಕೆಯನ್ನು ಹೋಲಿಸುವುದು. ಹಲವು ಡಿಗ್ರಿ ಹೆಚ್ಚಿದ್ದರೆ ರೇಡಿಯೇಟರ್ ತೊಳೆಯುವ ಕಾಲ ಬಂದಿದೆ. ತೊಳೆಯುವುದು ಲೈನ್ ಕ್ಲಿಯರ್ ತೆಗೆದುಕೊಂಡು, ಯಂತ್ರ ಬಂದ್ ಮಾಡಿ. ಮೊದಲು ಸೋರಿಕೆ ನಿಲ್ಲಿಸದಿದ್ದರೆ ತೊಳೆದದ್ದು ವ್ಯರ್ಥ.

ಪಂಪಿನ ಹಂತಗಳು

ಓಫಾಫ್‌ನಲ್ಲಿ ಪಂಪು ಎಣ್ಣೆಯನ್ನು ರೇಡಿಯೇಟರ್ ಅಥವಾ ಕೂಲರಿನ ಮೂಲಕ ತಳ್ಳಿ ಟ್ಯಾಂಕಿಗೆ ಬಿಡುತ್ತದೆ. ಟ್ಯಾಂಕಿನೊಳಗೆ ಬಂದ ಎಣ್ಣೆಯ ಬಹುಪಾಲು ಸುರುಳಿಯ ಹೊರಗಿನಿಂದಲೇ ಮೇಲೇರಿಬಿಡುತ್ತದೆ. ಸುರುಳಿಯೊಳಗಿನ ಎಣ್ಣೆ ಆಗಲೂ ತನ್ನ ಬಿಸಿಯಿಂದಲೇ ಏರಬೇಕು. ಆದ್ದರಿಂದ ಇಲ್ಲಿ ಮೇಲ್ಭಾಗದ ಎಣ್ಣೆಯ ಮಾಪಕ ತಂಪಾಗಿ ಕಂಡರೂ ಸುರುಳಿಯ ತುದಿ ಅಷ್ಟು ತಂಪಾಗಿರುವುದಿಲ್ಲ. ಓಡಿಎಎಫ್ ವರ್ಗದಲ್ಲಿ ಪಂಪಿನ ಎಣ್ಣೆಯನ್ನು ದಾರಿ ಕಟ್ಟಿ ಸುರುಳಿಯ ಸಂದುಗಳೊಳಕ್ಕೇ ನುಗ್ಗಿಸುತ್ತಾರೆ. ತಂಪು ಎಲ್ಲಿ ಬೇಕೋ ಅಲ್ಲಿಗೇ ಮುಟ್ಟುವುದರಿಂದ ಸುರುಳಿಯ ಸರಾಸರಿ ಏರಿಕೆಗೆ ಐಇಸಿ ಮಾನಕ ಉಳಿದ ವರ್ಗಗಳಿಗಿಂತ 5 ಡಿಗ್ರಿ ಹೆಚ್ಚು, ಅಂದರೆ 70 ಡಿಗ್ರಿ ಕೊಡುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನಿರ್ದೇಶಿತ ಹರಿವಿನ ಯಂತ್ರದಲ್ಲಿ ಅಧಿಕ ಭಾರಕ್ಕೆ ಸುರುಳಿಯ ಅಂತರ ಏರುವುದು 1.3 ಘಾತದಲ್ಲಲ್ಲ, ಭಾರದ ವರ್ಗದಲ್ಲಿ. ಪಂಪು ಕೊಡುವ ಹರಿವು ಒಂದೇ ಸಮ, ಬಿಸಿಯಾದೆನೆಂದು ಎಣ್ಣೆ ತಾನೇ ಚುರುಕಾಗುವುದಿಲ್ಲ. ಓನಾನ್ ಯಂತ್ರ ಅಧಿಕ ಭಾರವನ್ನು ತಾಳಿಕೊಳ್ಳುವಷ್ಟು ಇದು ತಾಳುವುದಿಲ್ಲ. ಹರಿವನ್ನು ಮಿತಿಮೀರಿ ಹೆಚ್ಚಿಸುವಂತೆಯೂ ಇಲ್ಲ. ಕಾಗದದ ಮೇಲೆ ಎಣ್ಣೆ ತೀರಾ ವೇಗವಾಗಿ ಉಜ್ಜಿದರೆ ಸ್ಥಿರವಿದ್ಯುತ್ ಕೂಡಿಕೊಂಡು ಒಳಗೇ ಕಿಡಿ ಹಾರುತ್ತದೆ. 1970ರ ದಶಕದಲ್ಲಿ ಜಪಾನಿನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರುಗಳು ಹೀಗೆ ಕೆಟ್ಟ ಮೇಲೆ ಎಣ್ಣೆಯ ವೇಗಕ್ಕೆ ಮಿತಿ ಬಂತು.

ವಿದ್ಯುತ್ ಕೇಂದ್ರಗಳ ಜನರೇಟರ್ ಟ್ರಾನ್ಸ್‌ಫಾರ್ಮರುಗಳಲ್ಲಿ ಕೆಲವು ಪಂಪಿನ ವರ್ಗಕ್ಕೆಂದೇ ಮಾಡಿದವು, ಅವಕ್ಕೆ ಓನಾನ್ ರೇಟಿಂಗೇ ಇರುವುದಿಲ್ಲ. ಎಲ್ಲ ಕೂಲರುಗಳೂ ನಿಂತರೆ ಅಂಥ ಯಂತ್ರಕ್ಕೆ ಸಿಗುವುದು ಗಂಟೆಗಳಲ್ಲ, ನಿಮಿಷಗಳು. ಪೂರ್ಣ ಭಾರದಲ್ಲಿ ಎಷ್ಟು ನಿಮಿಷ ಎಂಬುದನ್ನು ಖರೀದಿಯ ಕರಾರಿನಲ್ಲೇ ಬರೆಸಿಕೊಳ್ಳುತ್ತಾರೆ. ಬಿಡಿ ಪಂಪನ್ನು ಜೊತೆಗೇ ಕೂರಿಸುವುದು ಅದಕ್ಕಾಗಿ. ಊರಿಗೆ ಹಂಚುವ ಉಪಕೇಂದ್ರದಲ್ಲಿ ಇಷ್ಟೆಲ್ಲ ಇಲ್ಲದಿದ್ದರೆ ಒಳ್ಳೆಯದು. ನೋಡಿಕೊಳ್ಳುವವರು ಕಡಿಮೆ ಇರುವ ಕಡೆ ಎರಡು ಎಂವಿಎ ಹೆಚ್ಚಿಗೆ ಕೊಡುವ ಪಂಪಿಗಿಂತ ಇನ್ನೆರಡು ರೇಡಿಯೇಟರ್ ಮೇಲು.

ಹಂತ ಬದಲಾದರೂ ಬದಲಾಗದ್ದು

ಫ್ಯಾನ್ ಹಾಕಿದಾಗ ಏರುವುದು ಶಾಖ ಹೊರಹಾಕುವ ಶಕ್ತಿ ಮಾತ್ರ. ಬುಷಿಂಗ್, ಟ್ಯಾಪ್ ಚೇಂಜರ್, 11 ಕೆವಿ ಕಡೆಯ ಕೇಬಲ್, ಬ್ರೇಕರ್, ಸಿಟಿ ಇವೆಲ್ಲ ಮೊದಲಿನಿಂದಲೇ ಮೇಲಿನ ಹಂತಕ್ಕೆ ಸಾಕಾಗುವಂತಿರಬೇಕು. 20 ಎಂವಿಎ ಎಂದರೆ 11 ಕೆವಿ ಕಡೆ ಸುಮಾರು 1050 ಆಂಪಿಯರ್, 12 ಎಂವಿಎ ಎಂದರೆ 630. ಓನಾನ್ ಮಾತ್ರವಿದ್ದ ಹಳೆಯ ಯಂತ್ರಕ್ಕೆ ಆಮೇಲೆ ಫ್ಯಾನ್ ಕಟ್ಟಿ ಸಾಮರ್ಥ್ಯ ಏರಿಸಲು ಹೊರಡುವವರು ಮೊದಲು ನೋಡಬೇಕಾದದ್ದು ಈ ಕೊಂಡಿಗಳನ್ನು. ಸುರುಳಿಯ ಒಳ ಸಂದುಗಳು ಆ ಕರೆಂಟಿಗೆ ಆಗುತ್ತವೆಯೋ ಇಲ್ಲವೋ ಎಂಬುದನ್ನು ಹೇಳಬಲ್ಲವರು ತಯಾರಕರು ಮಾತ್ರ.

ಶೇಕಡಾವಾರು ಇಂಪಿಡೆನ್ಸ್ ಕೂಡ ಹಾಗೆಯೇ. ನೇಮ್‌ಪ್ಲೇಟಿನಲ್ಲಿ ಶೇ. 10 ಎಂದಿದ್ದರೆ ಅದು ಯಾವ ಹಂತದ ಮೇಲೆ ಎಂಬುದನ್ನು ನೋಡಬೇಕು. ವಾಡಿಕೆಯಲ್ಲಿ ಅದನ್ನು ಅತಿ ಹೆಚ್ಚಿನ ರೇಟಿಂಗಿನ ಮೇಲೆ ಹೇಳುತ್ತಾರೆ. 20 ಎಂವಿಎ ಮೇಲೆ 10 ಇದ್ದದ್ದು 12 ಎಂವಿಎ ಮೇಲೆ 6 ಆಗುತ್ತದೆ. ಸುರುಳಿ ಅದೇ, ಓಮ್‌ಗಳೂ ಅವೇ. ತಪ್ಪು ಹಂತ ಹಿಡಿದವರ ಶಾರ್ಟ್ ಸರ್ಕ್ಯೂಟ್ ಲೆಕ್ಕ ಅಡ್ಡಾದಿಡ್ಡಿಯಾಗುವುದು ಇಲ್ಲೇ.

ಎರಡು ಟ್ರಾನ್ಸ್‌ಫಾರ್ಮರುಗಳು ಒಂದೇ ಬಸ್ಸಿಗೆ ಜೋಡಿಯಾಗಿ ಕೆಲಸ ಮಾಡುವಾಗ ಇದರ ಪರಿಣಾಮ ಹೆಚ್ಚು ಕಾಣುತ್ತದೆ. ಅವು ಭಾರ ಹಂಚಿಕೊಳ್ಳುವುದು ಇಂಪಿಡೆನ್ಸಿಗೆ ತಕ್ಕಂತೆ, ಫ್ಯಾನಿಗೆ ತಕ್ಕಂತಲ್ಲ. ಒಂದೇ ತೆರನಾದ ಎರಡು 12/20 ಎಂವಿಎ ಯಂತ್ರಗಳಲ್ಲಿ ಒಂದರ ಫ್ಯಾನುಗಳು ಕೆಟ್ಟರೆ ನೇಮ್‌ಪ್ಲೇಟ್ ಲೆಕ್ಕದಲ್ಲಿ ಉಳಿಯುವುದು 12 ಮತ್ತು 20, ಒಟ್ಟು 32 ಎಂದು ತೋರುತ್ತದೆ. ಆದರೆ ಭಾರ ಸಮವಾಗಿಯೇ ಒಡೆಯುವುದರಿಂದ ಫ್ಯಾನಿಲ್ಲದ ಯಂತ್ರ 12 ಮುಟ್ಟಿದಾಗ ಇನ್ನೊಂದರ ಮೇಲೂ 12 ಇರುತ್ತದೆ. ಜೋಡಿಯ ಸಾಮರ್ಥ್ಯ 24. ಉಳಿದ 8 ಎಂವಿಎ ಬೇಕಾದರೆ ಬಸ್ ಕಪ್ಲರ್ ತೆರೆದು ಜೋಡಿಯನ್ನು ಬೇರ್ಪಡಿಸಬೇಕು, ಫೀಡರುಗಳನ್ನು ಆರಿಸಿ ಒಂದರ ಕಡೆ 12, ಇನ್ನೊಂದರ ಕಡೆ 20 ಬರುವಂತೆ ಹಂಚಬೇಕು.